ಕಚೇರಿಯ ಪತ್ರ ಯಾರ ಪೆಟ್ಟಿಗೆಯಲ್ಲಿ?

ಒಂದು ಕಾಲೇಜಿನ ಪರೀಕ್ಷಾ ವಿಭಾಗವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಬ್ಬರು ಅಧೀಕ್ಷಕರು, ಮೂವರು ಗುಮಾಸ್ತರು, ಪರೀಕ್ಷೆಯ ತಿಂಗಳುಗಳಿಗಷ್ಟೇ ಬರುವ ಹಂಗಾಮಿ ಕಂಪ್ಯೂಟರ್ ಆಪರೇಟರ್, ಒಟ್ಟು ಐದು ಜನ. ವಿಭಾಗಕ್ಕೊಂದು ಸಾಮಾನ್ಯ ಇಮೇಲ್ ವಿಳಾಸವಿದೆ. ಅದನ್ನು ಕಾಲೇಜಿನ ಫಲಕದ ಮೇಲೂ ಹಾಲ್ ಟಿಕೆಟಿನ ಕೆಳಗೂ ಅಚ್ಚು ಹಾಕಿಸಿದ್ದಾರೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಆ ವಿಳಾಸಕ್ಕೆ ಬರೆಯುತ್ತಾಳೆ: ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ, ಕೆಲಸಕ್ಕೆ ಸೇರುವ ಮೊದಲು ತಿದ್ದಿಕೊಡಿ. ಪತ್ರ ಐವರಿಗೂ ತಲುಪುತ್ತದೆ. ಹದಿನೈದು ದಿನವಾದರೂ ಉತ್ತರ ಹೋಗುವುದಿಲ್ಲ. ಅಧೀಕ್ಷಕರು ವಿಚಾರಿಸಿದರೆ ಒಬ್ಬೊಬ್ಬರದೂ ಅದೇ ಮಾತು: "ನೋಡಿದ್ದೆ ಸರ್, ಅವರು ಉತ್ತರ ಕೊಟ್ಟಿರ್ತಾರೆ ಅಂದ್ಕೊಂಡೆ."

ಇಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆ ವಿಳಾಸವನ್ನು ಸ್ಥಾಪಿಸಿದ ರೀತಿಯೇ ಹಾಗಿದೆ. ಒಬ್ಬರು ಉತ್ತರಿಸಿದರೋ ಇಲ್ಲವೋ ಎಂಬುದು ಇನ್ನೊಬ್ಬರಿಗೆ ಕಾಣುವ ದಾರಿಯೇ ಅದರಲ್ಲಿಲ್ಲ. ವಿಳಾಸ ಮಾಡಿಕೊಡಿ ಎಂದು ಕೇಳಿದಾಗ ಐಟಿ ವಿಭಾಗದವರು ಮಾಡಿಕೊಡಬಹುದಾದದ್ದು ಮೂರು ಬಗೆ: ಶೇರ್ಡ್ ಮೇಲ್‌ಬಾಕ್ಸ್, ಡಿಸ್ಟ್ರಿಬ್ಯೂಷನ್ ಲಿಸ್ಟ್, ಗ್ರೂಪ್. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ, ವಿಳಾಸದಲ್ಲಿ ಒಂದಕ್ಷರವೂ ವ್ಯತ್ಯಾಸವಿರುವುದಿಲ್ಲ. ಒಳಗೆ ಮಾತ್ರ ಪತ್ರದ ಹಣೆಬರಹವೇ ಬೇರೆ ಬೇರೆ. ಅನೇಕ ಕಚೇರಿಗಳು ಬಳಸುವ ಮೈಕ್ರೋಸಾಫ್ಟ್ 365ರ ವ್ಯವಸ್ಥೆಯನ್ನೇ ಮುಂದಿಟ್ಟುಕೊಂಡು ನೋಡೋಣ. ಗೂಗಲ್ ಬಳಸುವವರಿಗೆ ಬೇಕಾದದ್ದನ್ನು ಕೊನೆಯ ಹೊತ್ತಿಗೆ ಹೇಳುತ್ತೇನೆ.

ಈ ಮೂರೂ ಬರುವ ಮುಂಚೆ ಕಚೇರಿಗಳಲ್ಲಿ ಇದ್ದದ್ದು, ಈಗಲೂ ಎಷ್ಟೋ ಕಡೆ ಇರುವುದು, ನಾಲ್ಕನೆಯ ಪದ್ಧತಿ. ಒಂದು ಸಾಮಾನ್ಯ ಖಾತೆ ತೆರೆದು ಅದರ ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿಬಿಡುವುದು. ಒಟಿಪಿ ಅಧೀಕ್ಷಕರ ಮೊಬೈಲಿಗೆ ಹೋಗುತ್ತದೆ. ಅವರು ರಜೆ ಹಾಕಿದ ದಿನ ಹೊಸ ಕಂಪ್ಯೂಟರಿನಲ್ಲಿ ಖಾತೆ ತೆರೆಯುವಂತಿಲ್ಲ. ಅವರು ನಿವೃತ್ತರಾದರೆ ಕಚೇರಿಯ ಬೀಗದ ಕೈ ಅವರ ಮನೆಯಲ್ಲೇ ಉಳಿದ ಹಾಗೆ. ಕೆಲಸ ಬಿಟ್ಟುಹೋದ ಹಂಗಾಮಿ ನೌಕರನಿಗೂ ಪಾಸ್‌ವರ್ಡ್ ಗೊತ್ತು. ಯಾವ ಪತ್ರವನ್ನು ಯಾರು ಅಳಿಸಿದರು ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ದಾಖಲೆಯ ಪ್ರಕಾರ ಅಲ್ಲಿರುವುದು ಒಬ್ಬನೇ ಬಳಕೆದಾರ. ಇದನ್ನು ಬಿಡಿಸುವುದಕ್ಕಾಗಿಯೇ ಉಳಿದ ಮೂರು ವ್ಯವಸ್ಥೆಗಳನ್ನು ಸರಿಯಾಗಿ ತಿಳಿದುಕೊಳ್ಳಬೇಕಿದೆ.

ಮೊದಲು ಡಿಸ್ಟ್ರಿಬ್ಯೂಷನ್ ಲಿಸ್ಟ್. ಅದರೊಳಗೆ ಪತ್ರ ಇಡುವ ಪೆಟ್ಟಿಗೆಯೇ ಇಲ್ಲ. ಅದು ಹೆಸರುಗಳ ಪಟ್ಟಿ, ಅಷ್ಟೆ. ಪಟ್ಟಿಯ ವಿಳಾಸಕ್ಕೆ ಬಂದ ಪತ್ರದ ಒಂದೊಂದು ಪ್ರತಿ ಐವರ ಸ್ವಂತ ಇನ್‌ಬಾಕ್ಸಿಗೂ ಹೋಗಿ ಬೀಳುತ್ತದೆ, ಅಲ್ಲಿಗೆ ಪಟ್ಟಿಯ ಕೆಲಸ ಮುಗಿಯಿತು. ಆಮೇಲೆ ಅವು ಒಂದಕ್ಕೊಂದು ಸಂಬಂಧವಿಲ್ಲದ ಐದು ಪತ್ರಗಳು. ಒಬ್ಬರು ಓದಿದರೆ ಉಳಿದ ನಾಲ್ವರ ಪ್ರತಿ ಓದದೇ ಇದ್ದ ಹಾಗೇ ಇರುತ್ತದೆ. ಒಬ್ಬರು ಅಳಿಸಿದರೆ ಅವರದಷ್ಟೇ ಹೋಗುತ್ತದೆ. ಒಬ್ಬರು ಉತ್ತರ ಕೊಟ್ಟರೆ ಅದು ಸಾಮಾನ್ಯವಾಗಿ ಅವರ ಸ್ವಂತ ವಿಳಾಸದಿಂದ ಹೊರಡುತ್ತದೆ, ಅದರ ಪ್ರತಿಯೂ ಅವರಲ್ಲೇ ಉಳಿಯುತ್ತದೆ. ಪಟ್ಟಿಯ ಹೆಸರಿನಲ್ಲೇ ಉತ್ತರ ಕಳಿಸುವ ಅನುಮತಿಯನ್ನು ಕೊಡಬಹುದು, ನಿಜ. ಆಗಲೂ ಕಳಿಸಿದ ಪ್ರತಿ ಸೇರುವುದು ಕಳಿಸಿದವರ ಖಾತೆಗೇ, ಏಕೆಂದರೆ ಅದನ್ನು ಇಟ್ಟುಕೊಳ್ಳಲು ಪಟ್ಟಿಗೆ ತನ್ನದೆಂಬ ಜಾಗವಿಲ್ಲ.

ಅಂಕಪಟ್ಟಿಯ ಪ್ರಕರಣವನ್ನು ಮುಂದುವರಿಸೋಣ. ಕೊನೆಗೂ ಒಬ್ಬ ಗುಮಾಸ್ತರು ತಮ್ಮ ವಿಳಾಸದಿಂದ ಉತ್ತರಿಸುತ್ತಾರೆ: ಹತ್ತನೇ ತರಗತಿಯ ಅಂಕಪಟ್ಟಿಯ ಪ್ರತಿ ಕಳಿಸಿ. ವಿದ್ಯಾರ್ಥಿನಿ ಅದನ್ನು ನೇರವಾಗಿ ಆ ಗುಮಾಸ್ತರಿಗೇ ಕಳಿಸುತ್ತಾಳೆ. ಪತ್ರವ್ಯವಹಾರ ಅಲ್ಲಿಗೆ ವಿಭಾಗದ ಕೈತಪ್ಪಿತು. ವಾರದ ನಂತರ ಅವರಿಗೆ ಬೇರೆ ವಿಭಾಗಕ್ಕೆ ವರ್ಗವಾದರೆ, ಆ ಜಾಗಕ್ಕೆ ಬಂದ ಹೊಸಬರಿಗೆ ಈ ಪ್ರಕರಣದ ಒಂದು ಸಾಲೂ ಸಿಗುವುದಿಲ್ಲ. ಅವರನ್ನು ಪಟ್ಟಿಗೆ ಸೇರಿಸಿದರೆ ಸೇರಿಸಿದ ಮೇಲೆ ಬರುವ ಪತ್ರಗಳು ಸಿಗುತ್ತವೆಯೇ ಹೊರತು ಹಿಂದಿನವು ಅಲ್ಲ.

ಇನ್ನೊಂದು ಸಂಗತಿ ಎಷ್ಟೋ ಕಚೇರಿಗಳಿಗೆ ತಿಳಿಯುವುದೇ ಇಲ್ಲ. ಹೊಸದಾಗಿ ಮಾಡಿದ ಡಿಸ್ಟ್ರಿಬ್ಯೂಷನ್ ಲಿಸ್ಟ್ ಸಂಸ್ಥೆಯ ಒಳಗಿನವರ ಪತ್ರಗಳನ್ನು ಮಾತ್ರ ಸ್ವೀಕರಿಸುತ್ತದೆ. ಹೊರಗಿನವರಿಗೂ ಬಾಗಿಲು ತೆರೆಯಬೇಕೆಂದರೆ ಆ ಆಯ್ಕೆಯನ್ನು ಬೇಕೆಂದೇ ಬದಲಿಸಬೇಕು. ಬದಲಿಸದಿದ್ದರೆ ವಿದ್ಯಾರ್ಥಿನಿ ಜಿಮೇಲಿನಿಂದ ಬರೆದ ಪತ್ರ ಅವಳಿಗೇ ಹಿಂತಿರುಗುತ್ತದೆ. ಹಿಂತಿರುಗಿದ ಸೂಚನೆಯಲ್ಲಿ 5.7.133 ಎಂಬ ಸಂಖ್ಯೆ ಕಂಡರೆ ಕಾರಣ ಇದೇ ಎಂದು ತಿಳಿಯಬಹುದು. ಇದರ ಕಷ್ಟವೇನೆಂದರೆ ಕಚೇರಿಯವರಿಗೆ ಈ ಸೂಚನೆ ಬರುವುದಿಲ್ಲ, ಬರೆದವರಿಗೆ ಬರುತ್ತದೆ. ಸಿಬ್ಬಂದಿ ತಮ್ಮತಮ್ಮೊಳಗೆ ಪತ್ರ ಕಳಿಸಿ ಪರೀಕ್ಷಿಸಿರುತ್ತಾರೆ, ಅದು ಚೆನ್ನಾಗಿಯೇ ತಲುಪಿರುತ್ತದೆ. ಹಾಲ್ ಟಿಕೆಟಿನ ಮೇಲೆ ಅಚ್ಚಾದ ವಿಳಾಸ ಹೊರಗಿನವರ ಪಾಲಿಗೆ ಮುಚ್ಚಿದೆ ಎಂಬುದು ಯಾರಾದರೂ ಕಚೇರಿಗೇ ಬಂದು ಜಗಳವಾಡುವವರೆಗೆ ಗೊತ್ತಾಗುವುದಿಲ್ಲ.

ಹಾಗಾದರೆ ಡಿಸ್ಟ್ರಿಬ್ಯೂಷನ್ ಲಿಸ್ಟ್ ಯಾವುದಕ್ಕೆ? ಸುತ್ತೋಲೆಗೆ. ಮೌಲ್ಯಮಾಪನದ ದಿನಾಂಕವನ್ನು ಎಲ್ಲ ಅಧ್ಯಾಪಕರಿಗೆ ತಿಳಿಸಬೇಕು, ಯಾರೂ ಉತ್ತರಿಸಬೇಕಾಗಿಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಸರಳವಾದದ್ದು ಬೇರಿಲ್ಲ. ಅದಕ್ಕೆ ಪ್ರತ್ಯೇಕ ಪರವಾನಗಿಯೂ ಬೇಡ. ದೊಡ್ಡ ಪಟ್ಟಿಯಾದರೆ ಅದಕ್ಕೆ ಯಾರು ಬರೆಯಬಹುದು ಎಂಬುದನ್ನು ನಾಲ್ಕಾರು ಜನರಿಗೆ ಮಿತಿಗೊಳಿಸುವುದನ್ನು ಮಾತ್ರ ಮರೆಯಬಾರದು. 1997ರಲ್ಲಿ ಸ್ವತಃ ಮೈಕ್ರೋಸಾಫ್ಟ್ ಕಂಪನಿಯೊಳಗೆ ‘ಬೆಡ್‌ಲಾಮ್ ಡಿಎಲ್3’ ಎಂಬ ಪಟ್ಟಿಯಲ್ಲಿ ಸುಮಾರು 13,000 ಜನರಿದ್ದರು. ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ ಎಂದು ಒಬ್ಬರು ಇಡೀ ಪಟ್ಟಿಗೇ ಬರೆದರು, ನನ್ನನ್ನೂ ತೆಗೆಯಿರಿ ಎಂದು ಉಳಿದವರು ಎಲ್ಲರಿಗೂ ಉತ್ತರಿಸತೊಡಗಿದರು, ಕಂಪನಿಯ ಅಂಚೆ ವ್ಯವಸ್ಥೆಯೇ ಕುಸಿಯಿತು.

ಶೇರ್ಡ್ ಮೇಲ್‌ಬಾಕ್ಸಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅಲ್ಲಿ ಪತ್ರ ಒಂದೇ, ಪೆಟ್ಟಿಗೆ ಒಂದೇ, ನೋಡುವ ಕಣ್ಣುಗಳು ಹಲವು. ಹಳೆಯ ಕಚೇರಿಗಳ ಆವಕ-ಜಾವಕ ವಹಿಯನ್ನು ನೆನಪಿಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಬಂದ ಟಪಾಲು ವಹಿಯಲ್ಲಿ ಏರುತ್ತಿತ್ತು, ಹೋದ ಉತ್ತರವೂ ಅಲ್ಲೇ ದಾಖಲಾಗುತ್ತಿತ್ತು, ಮೇಜಿನ ಹಿಂದೆ ಕೂತ ಮನುಷ್ಯ ಬದಲಾದರೂ ವಹಿ ಅಲ್ಲೇ ಇರುತ್ತಿತ್ತು. ಶೇರ್ಡ್ ಮೇಲ್‌ಬಾಕ್ಸ್ ಬಳಸಲು ಹೊಸ ಪಾಸ್‌ವರ್ಡ್ ಬೇಡ. ಐವರೂ ತಂತಮ್ಮ ಖಾತೆಯಲ್ಲೇ ಇರುತ್ತಾರೆ, ಅವರ ಔಟ್‌ಲುಕ್‌ನ ಎಡಬದಿಯಲ್ಲಿ ಸ್ವಂತ ಪೆಟ್ಟಿಗೆಯ ಕೆಳಗೆ ವಿಭಾಗದ ಪೆಟ್ಟಿಗೆಯೂ ಕಾಣಿಸಿಕೊಳ್ಳುತ್ತದೆ. ಮೊಬೈಲಿನಲ್ಲಿ ಅದು ತಾನಾಗಿ ಬರುವುದಿಲ್ಲ, ಔಟ್‌ಲುಕ್ ಆ್ಯಪಿನಲ್ಲಿ ಒಮ್ಮೆ ಸೇರಿಸಿಕೊಳ್ಳಬೇಕು. ಒಬ್ಬರು ವರ್ಗವಾದರೆ ಅವರ ಅನುಮತಿಯನ್ನು ತೆಗೆದರಾಯಿತು. ಹೊಸಬರಿಗೆ ಅನುಮತಿ ಕೊಟ್ಟ ಕೂಡಲೇ ಹಿಂದಿನ ವರ್ಷಗಳ ಪತ್ರಗಳೂ ಕಣ್ಣಮುಂದೆ ತೆರೆದುಕೊಳ್ಳುತ್ತವೆ.

50 ಜಿಬಿವರೆಗೆ ಈ ಪೆಟ್ಟಿಗೆಗೆ ಪ್ರತ್ಯೇಕ ಪರವಾನಗಿಯ ಹಣ ಕೊಡಬೇಕಾಗಿಲ್ಲ. ಅದನ್ನು ತೆರೆಯುವ ಐವರಿಗೆ ಮಾತ್ರ ತಮ್ಮದೇ ಪರವಾನಗಿಯುಳ್ಳ ಖಾತೆ ಇರಬೇಕು. ಅಂಕಪಟ್ಟಿಯ ಸ್ಕ್ಯಾನ್ ಪ್ರತಿಗಳು ತುಂಬಿಕೊಳ್ಳುವ ಪರೀಕ್ಷಾ ವಿಭಾಗದಂಥ ಕಡೆ ಈ 50 ಜಿಬಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ಏಕಕಾಲಕ್ಕೆ ಬಳಸುವವರು ಇಪ್ಪತ್ತೈದನ್ನು ಮೀರದಿರಲಿ ಎಂದು ಮೈಕ್ರೋಸಾಫ್ಟ್ ಸಲಹೆ ಕೊಡುತ್ತದೆ. ಐದು ಜನರ ವಿಭಾಗಕ್ಕೆ ಆ ಚಿಂತೆಯಿಲ್ಲ.

ಅನುಮತಿಯಲ್ಲಿ ಎರಡು ಭಾಗವಿದೆ, ಇವೆರಡನ್ನೂ ಕೇಳಿ ಪಡೆಯಬೇಕು. ಪೆಟ್ಟಿಗೆಯನ್ನು ತೆರೆದು ಓದಿ ನಿರ್ವಹಿಸುವ ಅನುಮತಿ ಒಂದು, ಅದರ ಹೆಸರಿನಲ್ಲಿ ಪತ್ರ ಕಳಿಸುವ ಅನುಮತಿ ಇನ್ನೊಂದು. ಮೊದಲನೆಯದು ಇದ್ದಮಾತ್ರಕ್ಕೆ ಎರಡನೆಯದು ಬರುವುದಿಲ್ಲ. ಕಳಿಸುವುದರಲ್ಲೂ ಎರಡು ಬಗೆ. Send as ಎಂಬುದನ್ನು ಕೊಟ್ಟರೆ ವಿದ್ಯಾರ್ಥಿನಿಗೆ ಕಾಣುವುದು ಪರೀಕ್ಷಾ ವಿಭಾಗದ ಹೆಸರು ಮಾತ್ರ. Send on behalf ಕೊಟ್ಟರೆ ಇಂಥವರು ಪರೀಕ್ಷಾ ವಿಭಾಗದ ಪರವಾಗಿ ಕಳಿಸಿದ್ದಾರೆ ಎಂದು ಗುಮಾಸ್ತರ ಹೆಸರೂ ಸೇರಿ ಕಾಣುತ್ತದೆ. ಸಾರ್ವಜನಿಕರೊಡನೆ ವ್ಯವಹರಿಸುವ ವಿಭಾಗಕ್ಕೆ ಮೊದಲನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಗುಮಾಸ್ತರ ಹೆಸರು ಕಂಡರೆ ಜನ ಮುಂದಿನ ಬಾರಿ ಅವರನ್ನೇ ಹುಡುಕಿಕೊಂಡು ಬರೆಯುತ್ತಾರೆ. ಒಳಗಿನ ಲೆಕ್ಕಕ್ಕಾಗಿ, ಉತ್ತರ ಬರೆದವರು ಪತ್ರದ ಕೊನೆಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಾಕುವ ರೂಢಿ ಮಾಡಿಕೊಂಡರೆ ಸಾಕು.

ಇಷ್ಟಾದರೂ ಒಂದು ಕಡೆ ವಹಿ ಅರ್ಧವೇ ಉಳಿದಿರುತ್ತದೆ. ಶೇರ್ಡ್ ಮೇಲ್‌ಬಾಕ್ಸ್ ಮಾಡಿಸಿಕೊಂಡ ಕಚೇರಿಗಳಲ್ಲಿ ನಾನು ಮತ್ತೆ ಮತ್ತೆ ಕಂಡ ತೊಡಕು ಇದೇ ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ವಿಭಾಗದ ಹೆಸರಿನಲ್ಲಿ ಒಬ್ಬ ಗುಮಾಸ್ತರು ಉತ್ತರ ಕಳಿಸಿದಾಗ ಆ ಉತ್ತರದ ಪ್ರತಿ ವಿಭಾಗದ ಪೆಟ್ಟಿಗೆಯ Sent Items ಕಡತದಲ್ಲಿ ಇರುತ್ತದೆ ಎಂದು ಯಾರಾದರೂ ಭಾವಿಸುತ್ತಾರೆ. ವ್ಯವಸ್ಥೆಯ ಮೂಲ ನಡವಳಿಕೆ ಹಾಗಲ್ಲ. ಪ್ರತಿ ಹೋಗಿ ಸೇರುವುದು ಕಳಿಸಿದವರ ಸ್ವಂತ ಖಾತೆಯ ಕಡತಕ್ಕೆ. ಪರಿಣಾಮವಾಗಿ ಆವಕ ಎಲ್ಲರಿಗೂ ಕಾಣುತ್ತದೆ, ಜಾವಕ ಕಾಣುವುದಿಲ್ಲ. ಇನ್ನೊಬ್ಬ ಗುಮಾಸ್ತರು ಅದೇ ಪತ್ರ ತೆರೆದು, ಉತ್ತರ ಹೋಗಿಲ್ಲವೆಂದುಕೊಂಡು ಮತ್ತೊಂದು ಉತ್ತರ ಬರೆಯುತ್ತಾರೆ. ಎರಡರಲ್ಲೂ ಕೇಳಿದ ದಾಖಲೆಗಳು ಬೇರೆ ಬೇರೆಯಾದರೆ ವಿದ್ಯಾರ್ಥಿನಿ ಯಾವುದನ್ನು ನಂಬಬೇಕು? ಇದನ್ನು ಸರಿಪಡಿಸಲು ಐಟಿಯವರು ಅಡ್ಮಿನ್ ಪುಟದಲ್ಲಿ ಆ ಪೆಟ್ಟಿಗೆಯ Sent items ಆಯ್ಕೆಯನ್ನು ಬದಲಿಸಬಹುದು, ಇಲ್ಲವೇ ಎರಡು ಸಾಲಿನ ಆಜ್ಞೆ ಕೊಡಬಹುದು. ಪೆಟ್ಟಿಗೆಯ ಹೆಸರು pariksha ಎಂದಿದ್ದರೆ ಅದು ಹೀಗಿರುತ್ತದೆ:

```
Set-Mailbox pariksha -MessageCopyForSentAsEnabled $true
Set-Mailbox pariksha -MessageCopyForSendOnBehalfEnabled $true
```

ಇದಾದ ಮೇಲೆ ಕಳಿಸಿದ ಪ್ರತಿಯೊಂದು ಉತ್ತರವೂ ಕಳಿಸಿದವರಲ್ಲಿ ಒಂದು, ವಿಭಾಗದ ಪೆಟ್ಟಿಗೆಯಲ್ಲಿ ಒಂದು ಎಂದು ಎರಡು ಕಡೆ ಉಳಿಯುತ್ತದೆ. ಹಳೆಯ ಉತ್ತರಗಳು ತಾವಾಗಿ ಬರುವುದಿಲ್ಲ, ಬದಲಾವಣೆ ಮಾಡಿದ ಕ್ಷಣದಿಂದ ಮುಂದಿನವು ಮಾತ್ರ. ಆದ್ದರಿಂದ ಪೆಟ್ಟಿಗೆ ತೆರೆದ ದಿನವೇ ಇದನ್ನು ಮಾಡಿಸಬೇಕು.

ಅಳಿಸಿದ ಪತ್ರದ ಕಥೆಯೂ ಇಂಥದೇ. ವಿಂಡೋಸ್ ಕಂಪ್ಯೂಟರುಗಳ ಹಳೆಯ ಔಟ್‌ಲುಕ್‌ನಲ್ಲಿ ವಿಭಾಗದ ಪೆಟ್ಟಿಗೆಯಿಂದ ಒಬ್ಬರು ಪತ್ರ ಅಳಿಸಿದರೆ ಅದು ಸಾಮಾನ್ಯವಾಗಿ ಅಳಿಸಿದವರ ಸ್ವಂತ Deleted Items ಕಡತಕ್ಕೆ ಹೋಗುತ್ತದೆ. ಪತ್ರವೊಂದು ಕಾಣೆಯಾದರೆ ವಿಭಾಗದ ಪೆಟ್ಟಿಗೆಯನ್ನು ಜಾಲಾಡಿ ಕೈಚೆಲ್ಲುವ ಮೊದಲು ಐವರ ಕಡತಗಳನ್ನೂ ಒಮ್ಮೆ ನೋಡುವುದು ಒಳ್ಳೆಯದು. ಬಹಳ ಸಲ ಅಲ್ಲೇ ಸಿಗುತ್ತದೆ.

ಒಂದೇ ಪತ್ರ ಎಲ್ಲರದೂ ಆಗಿರುವುದರಿಂದ ಹುಟ್ಟುವ ಒಂದು ಅಪಾಯವಿದೆ. ಒಬ್ಬರು ಪತ್ರ ತೆರೆದರೆ ಅದು ಎಲ್ಲರಿಗೂ ‘ಓದಿದ್ದು’ ಎಂದು ಕಾಣುತ್ತದೆ. ಗುಮಾಸ್ತರು ಪತ್ರ ತೆರೆದರು, ಅಷ್ಟರಲ್ಲಿ ಪ್ರಾಂಶುಪಾಲರ ಕರೆ ಬಂತು, ಎದ್ದು ಹೋದರು. ದಪ್ಪಕ್ಷರದಲ್ಲಿದ್ದ ಸಾಲು ತೆಳುವಾಯಿತು, ಉಳಿದವರು ಅದನ್ನು ಮುಗಿದ ಕೆಲಸವೆಂದು ದಾಟಿ ಹೋದರು. ಡಿಸ್ಟ್ರಿಬ್ಯೂಷನ್ ಲಿಸ್ಟಿನಲ್ಲಿ ಐವರೂ ಬೇರೊಬ್ಬರು ಮಾಡಿದ್ದಾರೆ ಎಂದುಕೊಂಡ ಹಾಗೆಯೇ ಆಯಿತು. ಇದಕ್ಕೆ ತಂತ್ರಜ್ಞಾನಕ್ಕಿಂತ ಕಚೇರಿಯ ಶಿಸ್ತೇ ಮದ್ದು, ಉಪಕರಣ ಔಟ್‌ಲುಕ್‌ನಲ್ಲೇ ಇದೆ. ಪತ್ರಗಳಿಗೆ ಬಣ್ಣದ ಗುರುತು ಹಚ್ಚುವ ಸೌಲಭ್ಯವಿದೆಯಲ್ಲ, ಒಬ್ಬೊಬ್ಬ ಗುಮಾಸ್ತರಿಗೆ ಒಂದೊಂದು ಬಣ್ಣ, ಹೆಸರಿನ ಸಮೇತ. ಬೆಳಿಗ್ಗೆ ಅಧೀಕ್ಷಕರೋ ಅವರು ಹೇಳಿದವರೋ ಹೊಸ ಪತ್ರಗಳಿಗೆ ಬಣ್ಣ ಹಂಚುತ್ತಾರೆ. ಅಂಕಪಟ್ಟಿಯ ತಿದ್ದುಪಡಿ ಹಸಿರು, ಮರುಮೌಲ್ಯಮಾಪನ ನೀಲಿ ಎಂದುಕೊಳ್ಳಿ. ಗುರುತು ಪತ್ರದ ಮೇಲೇ ಇರುವುದರಿಂದ ಐವರಿಗೂ ಕಾಣುತ್ತದೆ. ಉತ್ತರ ಹೋದ ಮೇಲೆ ಪತ್ರವನ್ನು ‘ಮುಗಿದಿದೆ’ ಎಂಬ ಫೋಲ್ಡರಿಗೆ ಸರಿಸುತ್ತಾರೆ. ಇನ್‌ಬಾಕ್ಸಿನಲ್ಲಿ ಉಳಿದದ್ದೆಲ್ಲ ಬಾಕಿ ಎಂದೇ ಲೆಕ್ಕ. ಆಗ ಓದಿದ್ದು, ಓದದ್ದು ಎಂಬ ಭೇದಕ್ಕೆ ಬೆಲೆಯೇ ಉಳಿಯುವುದಿಲ್ಲ, ಸಂಜೆ ಅಧೀಕ್ಷಕರು ಇನ್‌ಬಾಕ್ಸಿನ ಮೇಲೊಮ್ಮೆ ಕಣ್ಣಾಡಿಸಿದರೆ ಯಾರ ಬಳಿ ಏನು ನಿಂತಿದೆ ಎಂಬುದು ತಿಳಿದುಬಿಡುತ್ತದೆ.

ಮೂರನೆಯದಾದ ಗ್ರೂಪ್ ನೋಡಲು ಎಲ್ಲಕ್ಕಿಂತ ಆಕರ್ಷಕ. ಅದಕ್ಕೂ ಸ್ವಂತ ಪೆಟ್ಟಿಗೆಯಿದೆ, ಆಮೇಲೆ ಸೇರಿದವರಿಗೂ ಹಳೆಯ ಸಂಭಾಷಣೆ ಕಾಣುತ್ತದೆ. ಜೊತೆಗೆ ಕ್ಯಾಲೆಂಡರ್, ಕಡತಗಳನ್ನಿಡುವ ಶೇರ್‌ಪಾಯಿಂಟ್ ತಾಣ, ಕೆಲಸ ಹಂಚುವ ಪ್ಲ್ಯಾನರ್, ಬೇಕಾದರೆ ಟೀಮ್ಸ್ ಎಲ್ಲವೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಇಷ್ಟೆಲ್ಲ ಉಚಿತವಾಗಿ ಬರುವಾಗ ಬೇಡವೆನ್ನುವುದೇಕೆ ಎಂದು ಕೇಳುವವರಿದ್ದಾರೆ. ಆ ಕಟ್ಟನ್ನು ಬಿಡಿಸಿ ಕೊಡಲಾಗುವುದಿಲ್ಲ ಎಂಬುದೇ ಕಾರಣ. ಗ್ರೂಪಿನ ಸದಸ್ಯನಾದವನಿಗೆ ಪತ್ರಗಳ ಜೊತೆ ಕಡತಗಳೂ ತೆರೆದುಕೊಳ್ಳುತ್ತವೆ. ನಮ್ಮ ಪರೀಕ್ಷಾ ವಿಭಾಗದಲ್ಲಿ ಇದರ ಅರ್ಥವೇನೆಂದು ಯೋಚಿಸಿ. ಪರೀಕ್ಷೆಯ ತಿಂಗಳುಗಳಿಗೆ ಬಂದ ಹಂಗಾಮಿ ಆಪರೇಟರ್ ವಿದ್ಯಾರ್ಥಿಗಳ ಪತ್ರಗಳಿಗೆ ಉತ್ತರಿಸಲಿ ಎಂದು ಅಧೀಕ್ಷಕರು ಅವರನ್ನು ಗ್ರೂಪಿಗೆ ಸೇರಿಸುತ್ತಾರೆ. ಅದೇ ಗ್ರೂಪಿನ ಕಡತಗಳಲ್ಲಿ ಯಾರೋ ಪ್ರಶ್ನೆಪತ್ರಿಕೆ ತಯಾರಿಸುವವರ ಪಟ್ಟಿಯನ್ನೋ ಕರಡು ಫಲಿತಾಂಶವನ್ನೋ ಇಟ್ಟಿದ್ದರೆ ಅದೂ ಅವರಿಗೆ ಸಿಕ್ಕಿತು. ಗ್ರೂಪನ್ನು ‘ಪಬ್ಲಿಕ್’ ಎಂದು ಮಾಡಿದ್ದರಂತೂ ಕಾಲೇಜಿನ ಖಾತೆಯಿರುವ ಯಾರು ಬೇಕಾದರೂ ಯಾರನ್ನೂ ಕೇಳದೆ ಸೇರಿಕೊಂಡು ಎಲ್ಲವನ್ನೂ ಓದಬಹುದು. ವಿದ್ಯಾರ್ಥಿಗಳಿಗೂ ಅದೇ ಸಂಸ್ಥೆಯ ಖಾತೆ ಕೊಟ್ಟಿರುವ ಕಾಲೇಜುಗಳಲ್ಲಿ ಇದು ಸಣ್ಣ ಮಾತಲ್ಲ.

ಹೊರಗಿನವರ ಪತ್ರಕ್ಕೆ ಗ್ರೂಪಿನ ಬಾಗಿಲೂ ಮೊದಲಿಗೆ ಮುಚ್ಚಿರುತ್ತದೆ, ಅದನ್ನೂ ತೆರೆಯಿಸಬೇಕು. ಉತ್ತರದ ವಿಷಯದಲ್ಲೂ ಗ್ರೂಪ್ ಕಚೇರಿಯ ಹಾಗೆ ನಡೆದುಕೊಳ್ಳುವುದಿಲ್ಲ, ಗೆಳೆಯರ ಕೂಟದ ಹಾಗೆ ನಡೆದುಕೊಳ್ಳುತ್ತದೆ. ಸದಸ್ಯರು ತಮ್ಮ ಇನ್‌ಬಾಕ್ಸಿಗೆ ಬಂದ ಪ್ರತಿಗೆ ಅಲ್ಲಿಂದಲೇ ಉತ್ತರಿಸಿದರೆ ಅದು ಅವರ ಹೆಸರಿನಲ್ಲೇ ಹೋಗುತ್ತದೆ. ಎಲ್ಲರಿಗೂ ಉತ್ತರಿಸುವ ಗುಂಡಿ ಒತ್ತದಿದ್ದರೆ ಗ್ರೂಪಿನ ಪೆಟ್ಟಿಗೆಗೆ ಅದರ ಸುಳಿವೂ ಸಿಗುವುದಿಲ್ಲ. ಇದು ದೋಷವಲ್ಲ. ಗ್ರೂಪನ್ನು ರೂಪಿಸಿರುವುದೇ ಒಳಗಿನವರು ಕೂಡಿ ಒಂದು ಕೆಲಸ ಮಾಡಲಿ ಎಂದು. ಬರುವ ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ಸಮಿತಿಯ ಆರು ಅಧ್ಯಾಪಕರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಕರಡು ಅಲ್ಲೇ, ಚರ್ಚೆ ಅಲ್ಲೇ, ಸಭೆಯ ದಿನವೂ ಅಲ್ಲೇ. ಸಮಿತಿಯ ಕೆಲಸ ಮುಗಿದ ಮೇಲೆ ಗ್ರೂಪನ್ನು ಅಳಿಸುವ ಮೊದಲು ಮಾತ್ರ ಎಚ್ಚರ ಬೇಕು. ಗ್ರೂಪ್ ಅಳಿಸಿದರೆ ಪತ್ರ, ಕಡತ, ಕ್ಯಾಲೆಂಡರ್ ಎಲ್ಲವೂ ಒಟ್ಟಿಗೇ ಹೋಗುತ್ತವೆ, ಮರಳಿ ಪಡೆಯಲು ಇರುವುದು 30 ದಿನ.

ಹೀಗೆ ನೋಡಿದಾಗ ಪರೀಕ್ಷಾ ವಿಭಾಗಕ್ಕೆ ಬೇಕಾದದ್ದು ಮೂರರಲ್ಲಿ ಒಂದಲ್ಲ, ಬಹುಶಃ ಮೂರೂ, ಮೂರು ಬೇರೆ ವಿಳಾಸಗಳಲ್ಲಿ. ಫಲಕದ ಮೇಲೆ ಅಚ್ಚಾಗುವ ವಿಳಾಸ ಶೇರ್ಡ್ ಮೇಲ್‌ಬಾಕ್ಸ್ ಆಗಿರಲಿ. ಅಧ್ಯಾಪಕರಿಗೆಲ್ಲ ಸುತ್ತೋಲೆ ಕಳಿಸಲು ಒಂದು ಡಿಸ್ಟ್ರಿಬ್ಯೂಷನ್ ಲಿಸ್ಟ್, ಸಮಿತಿಗೆ ಒಂದು ಪ್ರೈವೇಟ್ ಗ್ರೂಪ್. ಐಟಿಯವರ ಹತ್ತಿರ ಹೋದಾಗ "ನಮಗೊಂದು ಕಾಮನ್ ಐಡಿ ಮಾಡಿಕೊಡಿ" ಎಂದಷ್ಟೇ ಹೇಳಿದರೆ ಅವರಿಗೆ ಸುಲಭವಾದದ್ದನ್ನು ಮಾಡಿಕೊಡುತ್ತಾರೆ. ಹೊರಗಿನವರು ಈ ವಿಳಾಸಕ್ಕೆ ಬರೆಯುತ್ತಾರೆಯೇ, ಇದೇ ವಿಳಾಸದಿಂದ ಉತ್ತರ ಹೋಗಬೇಕೇ, ವರ್ಗವಾಗಿ ಬಂದವರಿಗೆ ಹಳೆಯ ಪತ್ರ ಕಾಣಬೇಕೇ, ಇಷ್ಟನ್ನು ಹೇಳಿದರೆ ಅವರೂ ಸರಿಯಾದದ್ದನ್ನೇ ಕೊಡುತ್ತಾರೆ.

ಗೂಗಲ್ ವರ್ಕ್‌ಸ್ಪೇಸ್ ಬಳಸುವ ಸಂಸ್ಥೆಗಳಲ್ಲಿ ಶೇರ್ಡ್ ಮೇಲ್‌ಬಾಕ್ಸ್ ಎಂಬ ಹೆಸರಿನದು ಸಿಗುವುದಿಲ್ಲ. ಪಟ್ಟಿಯ ಕೆಲಸವನ್ನೂ ಗುಂಪಿನ ಕೆಲಸವನ್ನೂ ಅಲ್ಲಿ ಗೂಗಲ್ ಗ್ರೂಪ್ಸ್ ಒಂದೇ ಮಾಡುತ್ತದೆ. ಅದರಲ್ಲಿ Collaborative Inbox ಎಂಬ ಆಯ್ಕೆಯನ್ನು ತೆರೆದರೆ ಬಂದ ಪತ್ರವನ್ನು ಇಂಥವರಿಗೆ ಎಂದು ವಹಿಸಬಹುದು, ಮುಗಿದಿದೆ ಎಂದು ಗುರುತಿಸಬಹುದು. ಔಟ್‌ಲುಕ್‌ನಲ್ಲಿ ಬಣ್ಣಗಳಿಂದ ಮಾಡಿಕೊಂಡ ಏರ್ಪಾಟು ಇಲ್ಲಿ ಸಿದ್ಧವಾಗಿಯೇ ಇದೆ. ಇನ್ನೊಂದು ದಾರಿಯೆಂದರೆ ವಿಭಾಗಕ್ಕೆಂದೇ ಒಂದು ಜಿಮೇಲ್ ಖಾತೆ ಮಾಡಿ, ಪಾಸ್‌ವರ್ಡ್ ಹೇಳದೆ, ಐವರಿಗೂ ಅದರ ಪ್ರತಿನಿಧಿಗಳಾಗಿ ಪ್ರವೇಶ ಕೊಡುವುದು. ಆ ಖಾತೆಯೂ ಒಬ್ಬ ಬಳಕೆದಾರನೆಂದೇ ಲೆಕ್ಕಕ್ಕೆ ಬರುತ್ತದೆ, ಬಳಕೆದಾರರಿಗೆ ತಲೆಗಿಷ್ಟೆಂದು ಶುಲ್ಕ ಕಟ್ಟುವ ಸಂಸ್ಥೆ ಅದನ್ನೂ ಸೇರಿಸಿಕೊಳ್ಳಬೇಕು.

ಈಗಾಗಲೇ ಡಿಸ್ಟ್ರಿಬ್ಯೂಷನ್ ಲಿಸ್ಟ್ ಆಗಿರುವ ವಿಳಾಸವನ್ನು ಶೇರ್ಡ್ ಮೇಲ್‌ಬಾಕ್ಸ್ ಮಾಡಬೇಕಾದರೆ ವಿಳಾಸ ಬದಲಿಸಬೇಕಾಗಿಲ್ಲ, ಹಾಲ್ ಟಿಕೆಟಿನ ಅಚ್ಚೂ ಹಾಗೇ ಇರಬಹುದು. ಒಂದೇ ವಿಳಾಸ ಇಬ್ಬರ ಹೆಸರಿನಲ್ಲಿ ಇರುವಂತಿಲ್ಲವಾದ್ದರಿಂದ ಮೊದಲು ಪಟ್ಟಿಯಿಂದ ಅದನ್ನು ತೆಗೆದು ನಂತರ ಪೆಟ್ಟಿಗೆಗೆ ಕೊಡುತ್ತಾರೆ. ನಡುವೆ ಸ್ವಲ್ಪ ಹೊತ್ತು ಪತ್ರಗಳು ಹಿಂತಿರುಗುತ್ತವೆ, ಫಲಿತಾಂಶ ಬಂದ ವಾರದಲ್ಲಿ ಇದಕ್ಕೆ ಕೈಹಾಕದಿರುವುದು ಲೇಸು. ಹಳೆಯ ಪತ್ರಗಳು ಐವರ ಸ್ವಂತ ಪೆಟ್ಟಿಗೆಗಳಲ್ಲಿ ಹಂಚಿಹೋಗಿರುತ್ತವೆ, ಬಾಕಿಯಿರುವ ಪ್ರಕರಣಗಳದ್ದನ್ನಾದರೂ ಹೊಸ ಪೆಟ್ಟಿಗೆಗೆ ನಕಲು ಮಾಡಿ ಹಾಕಬೇಕು.

ಬದಲಾವಣೆಯ ಮರುದಿನ ವಿಚಿತ್ರವೊಂದು ಕಾಣಬಹುದು. ಹೊರಗಿನವರ ಪತ್ರ ಸರಾಗವಾಗಿ ಬರುತ್ತದೆ, ಕಾಲೇಜಿನೊಳಗಿನ ಕೆಲವರಿಗೆ ಮಾತ್ರ ಪತ್ರ ಹಿಂತಿರುಗುತ್ತದೆ. ಔಟ್‌ಲುಕ್ ಒಳಗಿನ ವಿಳಾಸಗಳನ್ನು ನಾವು ನೋಡುವ ರೂಪದಲ್ಲಿ ನೆನಪಿಟ್ಟುಕೊಳ್ಳದೆ ತನ್ನದೇ ಒಂದು ಗುರುತಿನಲ್ಲಿ ಇಟ್ಟುಕೊಂಡಿರುತ್ತದೆ, ಅದು ಅಳಿದುಹೋದ ಪಟ್ಟಿಯ ಗುರುತು. ಹಿಂತಿರುಗಿದ ಸೂಚನೆಯಲ್ಲಿ IMCEAEX ಎಂದು ಶುರುವಾಗುವ ಉದ್ದನೆಯ ಸಾಲು ಕಂಡರೆ ಇದೇ ಕಾರಣ. ವಿಳಾಸದ ಮೊದಲಕ್ಷರ ಹೊಡೆದಾಗ ಬರುವ ಹಳೆಯ ಸಲಹೆಯನ್ನು ಪಕ್ಕದ ಗುಣಾಕಾರ ಚಿಹ್ನೆ ಒತ್ತಿ ಅಳಿಸಿ, ವಿಳಾಸವನ್ನು ಪೂರ್ತಿಯಾಗಿ ಹೊಡೆದರೆ ಪತ್ರ ಹೋಗುತ್ತದೆ. ಎಲ್ಲರಿಗೂ ಒಮ್ಮೆಲೇ ಸರಿಹೋಗಬೇಕಾದರೆ ಐಟಿಯವರು ಹಳೆಯ ಪಟ್ಟಿಯ ಆ ಗುರುತನ್ನು ಹೊಸ ಪೆಟ್ಟಿಗೆಗೆ X500 ವಿಳಾಸವಾಗಿ ಸೇರಿಸುತ್ತಾರೆ. ಅದಕ್ಕಾಗಿ ಪಟ್ಟಿಯನ್ನು ಅಳಿಸುವ ಮೊದಲೇ LegacyExchangeDN ಎಂಬ ಅದರ ಗುರುತನ್ನು ಬರೆದಿಟ್ಟುಕೊಳ್ಳುವಂತೆ ಅವರಿಗೆ ಹೇಳಿಡಬೇಕು. ಅಷ್ಟಾದ ಮೇಲೆ ಕಾಲೇಜಿಗೆ ಸಂಬಂಧವಿಲ್ಲದ ಒಂದು ಜಿಮೇಲಿನಿಂದ, ಒಳಗಿನ ಒಂದು ಖಾತೆಯಿಂದ, ಹೀಗೆ ಎರಡು ಪತ್ರ ಕಳಿಸಿ, ಎರಡಕ್ಕೂ ವಿಭಾಗದ ಹೆಸರಿನಲ್ಲಿ ಉತ್ತರಿಸಿ, ಆ ಎರಡು ಉತ್ತರಗಳು ಇನ್ನೊಬ್ಬ ಗುಮಾಸ್ತರ ಪರದೆಯಲ್ಲೂ ಕಾಣುತ್ತಿವೆಯೇ ಎಂದು ನೋಡಿ. ಕಂಡರೆ ಹಳೆಯ ಪಟ್ಟಿಯನ್ನು ಮರೆತುಬಿಡಬಹುದು.